ಮಿಟುಕಿಸಿದರೂ ಜೀವವಿಲ್ಲದ ಕಣ್ಣು: ಸುಮ್ಮನೆ ನಿಂತ ಪಾತ್ರದ ದೋಷ ಪತ್ತೆ

ಲಕ್ಷಣ ಹೀಗಿರುತ್ತದೆ. ಪಾತ್ರ ಸುಮ್ಮನೆ ನಿಂತಿದೆ. ಉಸಿರಾಡುತ್ತಿದೆ, ಭುಜ ಮೆಲ್ಲಗೆ ಏರಿಳಿಯುತ್ತಿದೆ, ರೆಪ್ಪೆಯೂ ಆಗಾಗ ಬಡಿಯುತ್ತಿದೆ. ಆದರೂ ಕ್ಯಾಮೆರಾ ಮುಖದ ಹತ್ತಿರ ಹೋದ ಕೂಡಲೇ ಮೇಣದ ಬೊಂಬೆಯ ಮುಂದೆ ನಿಂತ ಹಾಗಾಗುತ್ತದೆ. ದೇವತೆಗಳಿಗೆ ಅನಿಮಿಷರು, ಎಂದರೆ ಎವೆಯಿಕ್ಕದವರು ಎಂಬ ಹೆಸರಿದೆ. ಹಾಗಾಗಿ ಎವೆಯಿಕ್ಕಿಸಿಬಿಟ್ಟರೆ ಪಾತ್ರ ಮನುಷ್ಯನಾಗುತ್ತದೆ ಎಂದು ನಾವು ನಂಬಿಬಿಡುತ್ತೇವೆ. ಸಾಲದು ಅನ್ನಿಸಿದರೆ ಮಿಟುಕನ್ನು ಇನ್ನಷ್ಟು ಹೆಚ್ಚಿಸುತ್ತೇವೆ. ಆಗ ಸಿಗುವುದು ಜೀವ ಬಂದ ಪಾತ್ರವಲ್ಲ, ಗಾಬರಿಬಿದ್ದ ಬೊಂಬೆ.

ನಾನು ಇಲ್ಲಿ ಬಿಡಿಸಿ ಹೇಳುವುದು ಒಂದೇ ಪಾತ್ರದ ಕಥೆ. ಆಟವೊಂದರಲ್ಲಿ ಬಾಗಿಲ ಬಳಿ ನಿಲ್ಲುವ ಕಾವಲುಗಾರ. ಆಟಗಾರ ಅವನಿಂದ ಸುಮಾರು ಒಂದೂವರೆ ಮೀಟರ್ ದೂರ ನಿಂತು ಮಾತಾಡಿಸುತ್ತಾನೆ. ಮಿಟುಕು, ನೋಟದ ಸಣ್ಣ ಜಿಗಿತ ಎರಡನ್ನೂ ನಾನೇ ಕೋಡ್‌ನಲ್ಲಿ ಬರೆದಿದ್ದೆ. ಪರೀಕ್ಷಿಸಿದ ಹುಡುಗಿ ಬರೆದ ದೂರು ಒಂದೇ ಸಾಲಿನದು: "ಇವನು ನನ್ನ ಕಡೆ ನೋಡ್ತಾನೆ ಸರ್, ಆದರೆ ನಾನು ಇವನಿಗೆ ಕಾಣಿಸ್ತಾ ಇಲ್ಲ." ನಾನು ಕಂಡ ದೋಷ ವರದಿಗಳಲ್ಲಿ ಇಷ್ಟು ಕರಾರುವಾಕ್ಕಾದದ್ದು ಇನ್ನೊಂದಿಲ್ಲ. ಅದರ ಅರ್ಥ ನನಗೆ ತಿಳಿದದ್ದು ಮಾತ್ರ ಮೂರು ದಿನದ ಮೇಲೆ.

ಮೊದಲು ಆಟ ನಿಲ್ಲಿಸಿ ನೋಡಿ

ಕೋಡ್ ಮುಟ್ಟುವ ಮೊದಲು ಆಟವನ್ನು ಪಾಸ್ ಮಾಡಿ, ಕಣ್ಣು ಪೂರ್ತಿ ತೆರೆದಿರುವ ಒಂದು ಫ್ರೇಮ್ ಹಿಡಿದು ಮುಖವನ್ನೇ ನೋಡಿ. ನಿಂತ ಚಿತ್ರದಲ್ಲೂ ಕಣ್ಣು ಸತ್ತ ಹಾಗೆ ಕಂಡರೆ ದೋಷ ಚಲನೆಯದ್ದಲ್ಲ. ಪಾರದರ್ಶಕ ಪಟಲದ ಮೇಲೆ ಬೆಳಕಿನ ಚುಕ್ಕೆ ಬಿದ್ದಿಲ್ಲ, ಮೇಲಿನ ರೆಪ್ಪೆಯ ನೆರಳು ಕಣ್ಣುಗುಡ್ಡೆಯ ಮೇಲೆ ಇಳಿದಿಲ್ಲ, ಅಥವಾ ರೆಪ್ಪೆ ತೀರಾ ಮೇಲೆ ನಿಂತು ಕಪ್ಪಿನ ಮೇಲಂಚಿನ ಮೇಲ್ಗಡೆಯೂ ಬಿಳಿ ಕಾಣುತ್ತಿದೆ. ಇವೆಲ್ಲ ಮಟೀರಿಯಲ್ ಮತ್ತು ಮಾಡೆಲ್ ಮಾಡುವವರ ಕೆಲಸ. ಜಿಗಿತದ ಕೋಡ್ ಎಷ್ಟು ತಿದ್ದಿದರೂ ಇವು ಸರಿಹೋಗುವುದಿಲ್ಲ.

ನಿಂತ ಚಿತ್ರ ಚೆನ್ನಾಗಿದ್ದು, ಓಡಿಸಿದ ಕೂಡಲೇ ಜೀವ ಹೋಗುತ್ತದೆ ಎಂದಾದರೆ ಮಾತ್ರ ಮುಂದಕ್ಕೆ ಹೋಗಿ. ನನ್ನ ಕಾವಲುಗಾರ ಹಾಗೇ ಇದ್ದ. ಪಾಸ್ ಮಾಡಿದಾಗ ಚೆಂದ, ಬಿಟ್ಟರೆ ಬೊಂಬೆ.

ಬರೆದ ಬೆಲೆ ಪರದೆಯವರೆಗೆ ತಲುಪಿದೆಯೇ

ಇದು ಬೇಗ ಮುಗಿಯುವ ಪರೀಕ್ಷೆ, ಆದರೆ ಬಿಡುವ ಹಾಗಿಲ್ಲ. ಮಿಟುಕಿನ ಬೆಲೆಯನ್ನು ಕೈಯಿಂದಲೇ ಪೂರ್ಣಕ್ಕೆ ಇಟ್ಟು ಹಾಗೇ ಬಿಡಿ. ಕಣ್ಣು ಮುಚ್ಚಿಯೇ ಇರಬೇಕು. ಕೂದಲೆಳೆಯಷ್ಟು ಮಾತ್ರ ಅಲುಗಿದರೆ ಅಳತೆಯ ಗೊಂದಲ. ಯೂನಿಟಿಯಲ್ಲಿ `SetBlendShapeWeight` ಸಾಮಾನ್ಯವಾಗಿ 0ಯಿಂದ 100ರವರೆಗಿನ ಬೆಲೆ ಕೇಳುತ್ತದೆ. 0ಯಿಂದ 1ರ ಲೆಕ್ಕದಲ್ಲಿ ಬರೆದ ಕೋಡ್ ಅಲ್ಲಿ ರೆಪ್ಪೆಯನ್ನು ನೂರರಲ್ಲಿ ಒಂದು ಪಾಲು ಮಾತ್ರ ಇಳಿಸುತ್ತದೆ.

ಏನೂ ಅಲುಗದಿದ್ದರೆ, ಅಥವಾ ಕಣ್ಣು ಒಂದು ಕ್ಷಣ ಅದುರಿ ಹಿಂದಕ್ಕೆ ಹೋದರೆ, ಅನಿಮೇಟರ್ ನಿಮ್ಮ ಬೆಲೆಯ ಮೇಲೆ ತನ್ನದನ್ನು ಬರೆಯುತ್ತಿದೆ. ಐಡಲ್ ಕ್ಲಿಪ್‌ನಲ್ಲಿ ಕಣ್ಣಿನ ಮೂಳೆಗೆ ಕೀ ಇದ್ದರೆ, `Update`ನಲ್ಲಿ ನೀವು ಕೊಟ್ಟ ತಿರುವನ್ನು ಆಮೇಲೆ ಓಡುವ ಅನಿಮೇಟರ್ ಅಳಿಸಿಹಾಕುತ್ತದೆ. ಕಣ್ಣಿನ ಕೋಡ್ `LateUpdate`ನಲ್ಲಿ ಇರಬೇಕು. ಇದರ ಜೊತೆಗೆ ಕ್ಲಿಪ್‌ನೊಳಗೇ ಯಾರಾದರೂ ಮಿಟುಕು ಕೀ ಮಾಡಿಟ್ಟಿದ್ದಾರೆಯೇ ನೋಡಿ. ಹಾಗಿದ್ದರೆ ಕೆಲವೊಮ್ಮೆ ಎರಡು ಮಿಟುಕು ಒಂದರ ಬೆನ್ನಿಗೆ ಒಂದು ಬರುತ್ತವೆ, ಕೆಲವೊಮ್ಮೆ ಒಂದರ ಮೇಲೊಂದು ಬಿದ್ದು ಮೇಲಿನ ರೆಪ್ಪೆ ಕೆಳಗಿನದನ್ನೂ ದಾಟಿ ಕೆನ್ನೆಗೆ ಇಳಿಯುತ್ತದೆ. ಇಬ್ಬರಲ್ಲಿ ಒಬ್ಬರನ್ನು ತೆಗೆಯಿರಿ. ನಾನಾದರೆ ಕ್ಲಿಪ್‌ನದ್ದನ್ನು ತೆಗೆಯುತ್ತೇನೆ. ಕ್ಲಿಪ್ ಎಂಟು ಸೆಕೆಂಡಿಗೊಮ್ಮೆ ಸುತ್ತಿ ಬಂದರೆ ಆ ಮಿಟುಕೂ ಅಷ್ಟೇ ನಿಯಮಿತವಾಗಿ ಬರುತ್ತದೆ, ನೋಡುವವರ ಕಣ್ಣು ಅದನ್ನು ಬಹಳ ಬೇಗ ಹಿಡಿದುಬಿಡುತ್ತದೆ.

ಮಿಟುಕಿನ ಗಡಿಯಾರ

ಕಾವಲುಗಾರನ ಬಗ್ಗೆ ಒಂದಕ್ಕೊಂದು ತಾಳೆಯಾಗದ ಎರಡು ದೂರುಗಳು ಬಂದಿದ್ದವು. ಒಬ್ಬರು "ಕಣ್ಣಿಗೆ ಧೂಳು ಬಿದ್ದವನ ಹಾಗೆ ಬಡಿಯುತ್ತಾನೆ" ಎಂದರೆ ಇನ್ನೊಬ್ಬರು "ಮಿಟುಕಿಸುವುದೇ ಇಲ್ಲ" ಎಂದರು. ನನ್ನ ಯಂತ್ರದಲ್ಲಿ ಎಲ್ಲ ಸರಿಯಾಗಿತ್ತು. ಇಂಥ ಜೋಡಿ ದೂರು ಬಂದರೆ ಕೋಡ್‌ನಲ್ಲಿ ಮೊದಲು ಹುಡುಕಬೇಕಾದ ಸಾಲು ಇದು:

```csharp
if (Random.value < 0.005f) StartBlink();
```

ಪ್ರತಿ ಫ್ರೇಮ್‌ಗೂ ಒಮ್ಮೆ ದಾಳ ಎಸೆಯುತ್ತಿದ್ದೇನೆ. ಸೆಕೆಂಡಿಗೆ 60 ಫ್ರೇಮ್ ಓಡುವ ನನ್ನ ಯಂತ್ರದಲ್ಲಿ ನಿಮಿಷಕ್ಕೆ ಸರಾಸರಿ 18 ಮಿಟುಕು. 144 ಫ್ರೇಮ್ ಓಡುವಲ್ಲಿ 43. 30ಕ್ಕೆ ಕಟ್ಟಿಹಾಕಿದ ಸಾಧನದಲ್ಲಿ ಬರೀ 9. ಮೂವರು ಹೇಳಿದ್ದೂ ನಿಜವೇ.

ಮನುಷ್ಯರ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. 1997ರಲ್ಲಿ ಬೆಂಟಿವೋಗ್ಲಿಯೋ ಮತ್ತು ಸಂಗಡಿಗರು 150 ಆರೋಗ್ಯವಂತರನ್ನು ಅಳೆದಾಗ ಸುಮ್ಮನಿರುವಾಗ ನಿಮಿಷಕ್ಕೆ ಸರಾಸರಿ 17, ಮಾತಾಡುವಾಗ 26, ಓದುವಾಗ ಐದಕ್ಕೂ ಕಡಿಮೆ ಮಿಟುಕು ಸಿಕ್ಕವು. ಆದರೆ ಸರಾಸರಿಯನ್ನೇ ಹಿಡಿದು ಮೂರೂವರೆ ಸೆಕೆಂಡಿಗೊಂದು ಮಿಟುಕು ಇಟ್ಟರೆ ಗೋಡೆ ಗಡಿಯಾರದ ಲೋಲಕ ನೋಡಿದ ಹಾಗಿರುತ್ತದೆ. ಎರಡರಿಂದ ಐದು ಸೆಕೆಂಡಿನ ನಡುವೆ ಸಮನಾಗಿ ಹರಡಿದರೂ ಅಷ್ಟೇನೂ ಸುಧಾರಿಸುವುದಿಲ್ಲ. ನಿಜವಾದ ಅಂತರಗಳು ಒಂದು ಕಡೆಗೆ ವಾಲಿರುತ್ತವೆ: ಚಿಕ್ಕವು ಬಹಳ, ನಡುವೆ ಎಲ್ಲೋ ಒಂದು ಉದ್ದನೆಯದು. ಎರಡು ಮಿಟುಕು ಹತ್ತಿರ ಹತ್ತಿರ ಬಂದು ಆಮೇಲೆ ಎಂಟು ಸೆಕೆಂಡು ಏನೂ ಇಲ್ಲದಿರುವುದು ದೋಷವಲ್ಲ, ಅದೇ ಸಹಜ.

```csharp
float NextBlinkGap() {
    float u = Mathf.Max(0.02f, Random.value);
    return 0.6f - 2.8f * Mathf.Log(u);   // ಸೆಕೆಂಡು
}
```

ಇದು 0.6 ಸೆಕೆಂಡಿಗಿಂತ ಕಡಿಮೆ ಅಂತರ ಕೊಡುವುದಿಲ್ಲ, ಹನ್ನೆರಡು ಸೆಕೆಂಡು ದಾಟುವುದೂ ಇಲ್ಲ. ಸರಾಸರಿ ನಿಮಿಷಕ್ಕೆ 17ರ ಆಸುಪಾಸು. ಮಿಟುಕು ಮುಗಿದಾಗ ಒಮ್ಮೆ ಇದನ್ನು ಕರೆದು, ಬಂದ ಸಮಯವನ್ನು `Time.deltaTime`ನಿಂದ ಕಳೆಯುತ್ತ ಹೋದರಾಯಿತು. ಫ್ರೇಮ್ ದರ ಎಷ್ಟೇ ಇರಲಿ ಮಿಟುಕು ಬದಲಾಗುವುದಿಲ್ಲ. ಹತ್ತು ಕಾವಲುಗಾರರು ಒಟ್ಟಿಗೆ ಹುಟ್ಟಿ ಒಟ್ಟಿಗೇ ಮಿಟುಕಿಸುತ್ತಿದ್ದರೆ, ಮೊದಲ ಅಂತರಕ್ಕೆ ಈ ಫಂಕ್ಷನ್ ಕರೆಯದೆ ಎಲ್ಲರಿಗೂ ಒಂದೇ ಸ್ಥಿರ ಬೆಲೆ ಕೊಟ್ಟಿದ್ದೀರಿ, ಅಥವಾ ಎಲ್ಲರಿಗೂ ಒಂದೇ ಬೀಜಸಂಖ್ಯೆಯ ಪ್ರತ್ಯೇಕ ರ‍್ಯಾಂಡಮ್ ಇದೆ ಎಂದರ್ಥ.

ಮಿಟುಕಿನ ಆಕಾರ

ರೆಪ್ಪೆ ಬೇಗ ಇಳಿಯುತ್ತದೆ, ನಿಧಾನ ಏರುತ್ತದೆ. ಇಳಿಯಲೂ ಏರಲೂ ಒಂದೇ ಸಮಯ ಕೊಟ್ಟರೆ ಕಣ್ಣು ಕ್ಯಾಮೆರಾದ ಶಟರ್ ಹಾಗೆ ಕಾಣುತ್ತದೆ. ನಾನು ಇಡುವ ಬೆಲೆ: ಮುಚ್ಚಲು 80 ಮಿಲಿಸೆಕೆಂಡು, ಮುಚ್ಚಿದ ಸ್ಥಿತಿಯಲ್ಲಿ 35, ತೆರೆಯಲು 180. ಒಟ್ಟು ಸುಮಾರು 300.

ನಡುವಿನ ಆ 35 ಯಾಕೆ ಎಂದು ಕೇಳಬಹುದು. ಮುಚ್ಚಿದ ಸ್ಥಿತಿ ಒಂದು ಬಿಂದುವಷ್ಟೇ ಆದರೆ ಅದು ಎರಡು ಫ್ರೇಮ್‌ಗಳ ನಡುವೆ ಬಿದ್ದುಹೋಗಬಹುದು. ಸೆಕೆಂಡಿಗೆ 15 ಫ್ರೇಮ್ ಮಾತ್ರ ಸಿಕ್ಕಾಗ, ಅದೃಷ್ಟ ಕೆಟ್ಟರೆ, ಪರದೆಯ ಮೇಲೆ ಬರುವ ಅತಿ ಮುಚ್ಚಿದ ಚಿತ್ರದಲ್ಲೂ ಕಣ್ಣು ಕಾಲು ಭಾಗ ತೆರೆದೇ ಇರುತ್ತದೆ. ನೋಡುವವರಿಗೆ ಅದು ಮಿಟುಕಲ್ಲ, ರೆಪ್ಪೆಯ ನಡುಕ. ನಿಮ್ಮ ಅತಿ ನಿಧಾನದ ಸಾಧನದ ಒಂದು ಫ್ರೇಮ್‌ನಷ್ಟಾದರೂ ಮುಚ್ಚಿದ ಹೊತ್ತು ಇರಲಿ. ದೂರದ ಪಾತ್ರಗಳ ಅನಿಮೇಷನ್ ಅನ್ನು ಕೆಲವು ಫ್ರೇಮ್ ಬಿಟ್ಟು ಓಡಿಸುವ ಸೌಲಭ್ಯ ಹಾಕಿಕೊಂಡಿದ್ದರೆ ಆ ಲೆಕ್ಕವನ್ನೂ ಸೇರಿಸಿ.

ಮಿಟುಕನ್ನು ಫ್ರೇಮ್ ಫ್ರೇಮ್ ಆಗಿ ನಡೆಸಿ ನೋಡುವಾಗ ಅರ್ಧ ಮುಚ್ಚಿದ ಹಂತದಲ್ಲಿ ಕಣ್ಣುಗುಡ್ಡೆ ರೆಪ್ಪೆಯನ್ನು ಸೀಳಿ ಹೊರಗೆ ಬಂದರೆ ಕೋಡ್ ಬೈಯಬೇಡಿ. ಬ್ಲೆಂಡ್‌ಶೇಪ್ ಪ್ರತಿ ಬಿಂದುವನ್ನೂ ನೇರ ಗೆರೆಯಲ್ಲಿ ಒಯ್ಯುತ್ತದೆ, ಗುಡ್ಡೆ ಮಾತ್ರ ದುಂಡಗಿದೆ. ನೇರ ದಾರಿ ಗುಡ್ಡೆಯ ಒಳಗಿಂದಲೇ ಹೋಗುತ್ತದೆ. ಅರ್ಧ ಮುಚ್ಚಿದ ಸ್ಥಿತಿಗೆ ಇನ್ನೊಂದು ತಿದ್ದುಪಡಿ ಶೇಪ್ ಮಾಡಿಸಿಕೊಳ್ಳುವುದೇ ಇದಕ್ಕೆ ಮದ್ದು.

ಜಿಗಿತವೋ, ತೇಲಾಟವೋ

ಇಲ್ಲಿಯವರೆಗಿನದ್ದೆಲ್ಲ ಸರಿಪಡಿಸಿದ ಮೇಲೂ ಕಾವಲುಗಾರ ಹಾಗೇ ಇದ್ದ. ಈಗ ಕಣ್ಣಳತೆಯನ್ನು ನಂಬುವುದು ಬಿಟ್ಟು ಅಳೆಯಲು ಕೂತೆ. ಇಪ್ಪತ್ತು ಸೆಕೆಂಡು ಪ್ರತಿ ಫ್ರೇಮ್‌ನಲ್ಲೂ ಕಣ್ಣಿನ ಅಡ್ಡ ಕೋನವನ್ನು ಫೈಲಿಗೆ ಬರೆದು ಗ್ರಾಫ್ ಮಾಡಿದೆ. ಈ ಇಡೀ ಬರಹದಲ್ಲಿ ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಬದುಕಿರುವ ಕಣ್ಣಿನ ಗ್ರಾಫ್ ಮೆಟ್ಟಿಲುಗಳ ಹಾಗಿರುತ್ತದೆ. ಸಮತಟ್ಟಾದ ಒಂದು ತುಂಡು, ತಟಕ್ಕನೆ ಕಡಿದಾದ ಗೋಡೆ, ಮತ್ತೆ ಸಮತಟ್ಟು. ಕಣ್ಣು ಒಂದು ಕಡೆ ತಂಗುತ್ತದೆ, ಜಿಗಿಯುತ್ತದೆ, ಮತ್ತೆ ತಂಗುತ್ತದೆ. ಈ ಜಿಗಿತಕ್ಕೆ ಸಕೇಡ್ ಎನ್ನುತ್ತಾರೆ. ನನ್ನ ಗ್ರಾಫ್‌ನಲ್ಲಿ ಮೆಟ್ಟಿಲೇ ಇರಲಿಲ್ಲ. ಮಣ್ಣಿನ ದಿಬ್ಬಗಳ ಹಾಗೆ ಬರೀ ನುಣುಪಾದ ಏರಿಳಿತ. ಕಾರಣ ಈ ಸಾಲು:

```csharp
offset = Vector2.Lerp(offset, target, 6f * Time.deltaTime);
```

ಕ್ಯಾಮೆರಾ ಮೃದುವಾಗಿ ಹಿಂಬಾಲಿಸಲಿ ಎಂದು ಎಲ್ಲರೂ ಬರೆಯುವ ಸಾಲು ಇದು, ನಾನೂ ಬೆರಳಿನ ಅಭ್ಯಾಸದಿಂದ ಬರೆದಿದ್ದೆ. ಇದರ ಲೆಕ್ಕ ಹಾಕಿ ನೋಡಿ. ಗುರಿಯ ನೂರಕ್ಕೆ 95ರಷ್ಟು ಸಮೀಪ ಬರಲು ಇದಕ್ಕೆ ಸುಮಾರು ಅರ್ಧ ಸೆಕೆಂಡು ಬೇಕು. ನಿಜವಾದ ಜಿಗಿತದ ಅವಧಿಗೆ ದೃಷ್ಟಿ ಸಂಶೋಧಕರು ಬಳಸುವ ಸರಳ ಅಂದಾಜು 21 ಮಿಲಿಸೆಕೆಂಡು, ಅದರ ಮೇಲೆ ಪ್ರತಿ ಡಿಗ್ರಿಗೆ 2.2. ನಾಲ್ಕು ಡಿಗ್ರಿಯ ಜಿಗಿತ ಸುಮಾರು 30 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. 60ರ ದರದಲ್ಲಿ ಅದು ಎರಡು ಫ್ರೇಮ್, 30ರಲ್ಲಿ ಒಂದೇ. ನನ್ನ ಕಾವಲುಗಾರ ಅದಕ್ಕೆ ಹದಿನಾರು ಪಟ್ಟು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದ. ಮೇಲಾಗಿ ನಾನು 0.4 ಸೆಕೆಂಡಿಗೊಂದು ಹೊಸ ಗುರಿ ಕೊಡುತ್ತಿದ್ದೆ. ಹಳೆಯ ಗುರಿ ಮುಟ್ಟುವ ಮೊದಲೇ ಹೊಸದು ಬರುತ್ತಿತ್ತು. ಹಾಗಾಗಿ ಅವನ ನೋಟ ಎಲ್ಲಿಯೂ, ಎಂದಿಗೂ, ಒಂದು ಕ್ಷಣವೂ ತಂಗಿರಲಿಲ್ಲ.

ಹೀಗೆ ನುಣುಪಾಗಿ ಜಾರುವ ನೋಟ ಮನುಷ್ಯರಲ್ಲಿ ಇಲ್ಲವೆಂದಲ್ಲ. ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ ಕಣ್ಣು ಹಾಗೆಯೇ ಜಾರುತ್ತದೆ. ಆದರೆ ಹಿಂಬಾಲಿಸಲು ಏನೂ ಇಲ್ಲದಾಗ ಜಾರಿದರೆ ನೋಡುವವರಿಗೆ ಅಮಲಿನಲ್ಲಿದ್ದವನ ಕಣ್ಣು ಕಾಣುತ್ತದೆ. ಪರ್ಲಿನ್ ನಾಯ್ಸ್‌ನಿಂದ ಕಣ್ಣು ಅಲುಗಿಸುವವರಿಗೂ ಇದೇ ಆಗುತ್ತದೆ. ತಲೆ, ಭುಜ, ಉಸಿರಿಗೆ ಪರ್ಲಿನ್ ಬಹಳ ಒಳ್ಳೆಯದು. ಕಣ್ಣಿಗೆ ಬೇಡವೇ ಬೇಡ.

ತಿದ್ದಿದ ರೂಪ ಇದು:

```csharp
hold -= Time.deltaTime;
if (hold <= 0f) {
    from = offset; to = PickOffset(); t = 0f;
    dur = 0.021f + 0.0022f * Vector2.Distance(from, to);
    hold = dur + PickHold();
}
t += Time.deltaTime;
offset = Vector2.Lerp(from, to, Mathf.SmoothStep(0f, 1f, t / dur));
```

ಅದೇ `Lerp`, ಆದರೆ ಹೊರಟ ಜಾಗ ಬದಲಾಗುವುದಿಲ್ಲ, ಅವಧಿ ಗೊತ್ತಿದೆ, ಮುಟ್ಟಿದ ಮೇಲೆ ನಿಲ್ಲುತ್ತದೆ. ಗ್ರಾಫ್ ಮತ್ತೆ ಹಾಕಿದಾಗ ಮೆಟ್ಟಿಲುಗಳು ಬಂದವು.

`PickOffset` ಎಲ್ಲಿಗೆ ಕಳಿಸಬೇಕು ಎನ್ನುವುದನ್ನು ಪಾತ್ರ ಏನು ನೋಡುತ್ತಿದೆ ಎಂಬುದರಿಂದ ತೆಗೆಯಬೇಕೇ ಹೊರತು ಬರೀ ದಾಳದಿಂದಲ್ಲ. ಎದುರಿನವನ ಮುಖ ನೋಡುವವನ ಕಣ್ಣು ಅವನ ಎರಡು ಕಣ್ಣು ಮತ್ತು ಬಾಯಿಯ ನಡುವೆ ಓಡಾಡುತ್ತದೆ. ಎರಡು ಕಣ್ಣಿನ ನಡುವೆ ಆರು ಸೆಂಟಿಮೀಟರ್ ಚಿಲ್ಲರೆ ಎಂದಿಟ್ಟುಕೊಂಡರೆ ಒಂದೂವರೆ ಮೀಟರ್ ದೂರದಿಂದ ಅದು ಎರಡೂವರೆ ಡಿಗ್ರಿಯಾಗುತ್ತದೆ. ನಾನು ಈ ಮೂರು ಜಾಗಗಳನ್ನೇ ಇಟ್ಟು, ಆಗೊಮ್ಮೆ ಈಗೊಮ್ಮೆ ಮಾತ್ರ ಎಂಟು ಹತ್ತು ಡಿಗ್ರಿ ಪಕ್ಕಕ್ಕೆ ಹೋಗಿ ವಾಪಸ್ ಬರುವ ಹಾಗೆ ಮಾಡಿದೆ. ತಂಗುವ ಹೊತ್ತು ಕಾಲು ಸೆಕೆಂಡಿನಿಂದ ಎರಡು ಸೆಕೆಂಡಿನವರೆಗೆ, ಮಿಟುಕಿನ ಅಂತರದ ಹಾಗೆಯೇ ಚಿಕ್ಕದರ ಕಡೆಗೆ ವಾಲಿದ್ದು. ಹತ್ತು ಡಿಗ್ರಿಯ ಜಿಗಿತಗಳನ್ನೇ ಪದೇ ಪದೇ ಕೊಟ್ಟರೆ ಕಾವಲುಗಾರ ಕಳ್ಳನಾಗುತ್ತಾನೆ. ಅದನ್ನೂ ಮಾಡಿ ನೋಡಿದ್ದೇನೆ.

ಇನ್ನೊಂದು ಮಾತು. ಎರಡು ಕಣ್ಣಿಗೂ ಒಂದೇ `offset` ಹೋಗಬೇಕು. ಎಡಕ್ಕೊಂದು ಬಲಕ್ಕೊಂದು ಬೇರೆ ದಾಳ ಎಸೆದರೆ ಕಣ್ಣು ಮೆಳ್ಳೆಯಾಗುತ್ತದೆ. ಕೋನ ಚಿಕ್ಕದಿದ್ದಾಗ ಮೆಳ್ಳೆ ಎಂದು ಗೊತ್ತಾಗದೆ "ಏನೋ ಸರಿಯಿಲ್ಲ" ಎಂಬ ದೂರಾಗಿ ಬರುತ್ತದೆ.

ತಲೆ ಆಡಿದಾಗ ನೋಟ ಎಲ್ಲಿಗೆ ಹೋಗುತ್ತದೆ

ಮೆಟ್ಟಿಲುಗಳು ಬಂದವು, ಪಾತ್ರ ಸುಧಾರಿಸಿತು. ಪರೀಕ್ಷಕಿಗೆ ಮತ್ತೆ ಕಳಿಸಿದೆ. "ಪರವಾಗಿಲ್ಲ, ಆದರೆ ಈಗಲೂ ನಾನು ಕಾಣಿಸ್ತಿಲ್ಲ."

ನನ್ನ ಗ್ರಾಫ್ ತಪ್ಪು ಕೋನವನ್ನು ಅಳೆಯುತ್ತಿತ್ತು. ಅದು ತಲೆಗೆ ಹೋಲಿಸಿ ಕಣ್ಣು ಎಷ್ಟು ತಿರುಗಿದೆ ಎಂದು ಹೇಳುತ್ತಿತ್ತು. ನೋಡುವವರಿಗೆ ಬೇಕಿರುವುದು ಲೋಕಕ್ಕೆ ಹೋಲಿಸಿ ನೋಟ ಎಲ್ಲಿದೆ ಎಂಬುದು. ಐಡಲ್ ಕ್ಲಿಪ್‌ನಲ್ಲಿ ಕಾವಲುಗಾರನ ತಲೆ ನಾಲ್ಕು ಸೆಕೆಂಡಿಗೊಮ್ಮೆ ಎಡಬಲಕ್ಕೆ ಎರಡೆರಡು ಡಿಗ್ರಿ ತೂಗುತ್ತಿತ್ತು. ಕಣ್ಣು ತಲೆಯ ಮೂಳೆಗೆ ಅಂಟಿದ್ದರಿಂದ ನೋಟವೂ ತಲೆಯ ಜೊತೆಗೇ ತೂಗುತ್ತಿತ್ತು. ತುದಿಯಿಂದ ತುದಿಗೆ ನಾಲ್ಕು ಡಿಗ್ರಿ. ಒಂದೂವರೆ ಮೀಟರ್ ದೂರದಲ್ಲಿ ಅದು ಹತ್ತು ಸೆಂಟಿಮೀಟರ್. ಆಟಗಾರನ ಕಣ್ಣನ್ನು ನೋಡಬೇಕಿದ್ದ ನೋಟ ಅವನ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಒರೆಸಿಕೊಂಡು ಹೋಗುತ್ತಿತ್ತು. ಅವಳು ಬರೆದದ್ದು ಇದನ್ನೇ.

ಮನುಷ್ಯರಲ್ಲಿ ಹಾಗಾಗದಿರುವುದಕ್ಕೆ ಕಾರಣ ಒಳಕಿವಿ. ತಲೆ ಒಂದು ಕಡೆ ತಿರುಗಿದ ಹತ್ತು ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಕಣ್ಣು ಅಷ್ಟೇ ಕೋನದಲ್ಲಿ ಎದುರು ದಿಕ್ಕಿಗೆ ತಿರುಗುತ್ತದೆ. ಈ ಸಾಲನ್ನು ಓದುತ್ತಲೇ ತಲೆಯನ್ನು ಸ್ವಲ್ಪ ಅಲ್ಲಾಡಿಸಿ ನೋಡಿ, ಅಕ್ಷರ ಕದಲುವುದಿಲ್ಲ. ಕೋಡ್‌ನಲ್ಲಿ ಇದಕ್ಕೆ ಪ್ರತ್ಯೇಕ ಲೆಕ್ಕವೇನೂ ಬೇಡ. ಗುರಿಯನ್ನು ಲೋಕದಲ್ಲಿಡಿ, ಅನಿಮೇಟರ್ ತಲೆಯನ್ನು ಇಟ್ಟ ಮೇಲೆ ಕಣ್ಣನ್ನು ಅದರ ಕಡೆ ತಿರುಗಿಸಿ, ಜಿಗಿತವನ್ನು ಅದರ ಮೇಲೆ ಸೇರಿಸಿ:

```csharp
Vector3 dir = target.position - eye.position;
Quaternion look = Quaternion.LookRotation(dir, head.up);
eye.rotation = look * Quaternion.Euler(offset.y, offset.x, 0f);
```

ಕಣ್ಣಿನ ಮೂಳೆಯ ಮುಮ್ಮುಖ z ಅಕ್ಷದಲ್ಲಿದ್ದರೆ ಮಾತ್ರ ಇದು ಹೀಗೇ ಕೆಲಸ ಮಾಡುತ್ತದೆ. ಬೇರೆ ಅಕ್ಷದಲ್ಲಿದ್ದರೆ ಕೊನೆಗೆ ಒಂದು ಸ್ಥಿರ ತಿರುವು ಗುಣಿಸಬೇಕು, ಇಲ್ಲದಿದ್ದರೆ ಕಣ್ಣು ತಲೆಯೊಳಗೆ ನೋಡುತ್ತದೆ. ಎರಡು ಕಣ್ಣಿಗೂ ಬೇರೆ ಬೇರೆಯಾಗಿ `dir` ತೆಗೆಯುವುದರಿಂದ ಹತ್ತಿರದ ವಸ್ತುವಿಗೆ ಕಣ್ಣುಗಳು ಒಳಕ್ಕೆ ವಾಲುವುದೂ ತಾನಾಗಿ ಸಿಗುತ್ತದೆ. ಗುರಿ ಪಾತ್ರದ ಬದಿಗೋ ಬೆನ್ನ ಹಿಂದಕ್ಕೋ ಹೋಗುವ ಸಾಧ್ಯತೆ ಇದ್ದರೆ ಕೋನಕ್ಕೆ ಮಿತಿ ಹಾಕಿ. ಇಪ್ಪತ್ತು ಡಿಗ್ರಿ ದಾಟಿದ ನೋಟಕ್ಕೆ ತಲೆಯನ್ನೂ ಸ್ವಲ್ಪ ತಿರುಗಿಸುವುದು ವಾಸಿ. ಅಷ್ಟು ದೊಡ್ಡ ತಿರುವಿಗೆ ಮನುಷ್ಯರು ಹಲವು ಬಾರಿ ಮಿಟುಕನ್ನೂ ಸೇರಿಸುತ್ತಾರೆ. ಆ ಮಿಟುಕು ಜಿಗಿತದ ಜೊತೆಗೇ ಶುರುವಾಗಬೇಕು, ಅದು ಮುಗಿದ ಮೇಲಲ್ಲ.

ಇದು ಸರಿಯಾಗಿದೆಯೇ ಎಂದು ನೋಡಲು ಸುಲಭದ ಉಪಾಯವಿದೆ. ಪಾತ್ರದ ಎದುರು ಎರಡು ಮೀಟರ್ ದೂರದಲ್ಲಿ ಒಂದು ಗೋಡೆ ಇಟ್ಟು, ಕಣ್ಣಿನಿಂದ ನೇರಕ್ಕೆ ಕಿರಣ ಬಿಟ್ಟು ಅದು ತಾಗುವಲ್ಲಿ ಕೆಂಪು ಚುಕ್ಕೆ ಹಾಕಿ. ಎರಡು ಜಿಗಿತಗಳ ನಡುವೆ ಚುಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲಬೇಕು. ನನ್ನ ಹಳೆಯ ಕೋಡ್‌ನಲ್ಲಿ ಅದು ಹದಿನಾಲ್ಕು ಸೆಂಟಿಮೀಟರ್ ಅಗಲಕ್ಕೆ ತೂಗುತ್ತಿತ್ತು. ಬದಲಾಯಿಸಿದ ಮೇಲೆ ತಲೆ ತೂಗುತ್ತಲೇ ಇದೆ, ಚುಕ್ಕೆ ಮಾತ್ರ ಅಲುಗಲಿಲ್ಲ. ಕುತೂಹಲಕ್ಕೆ ಮಿಟುಕನ್ನೂ ಜಿಗಿತವನ್ನೂ ನಿಲ್ಲಿಸಿ ಇದೊಂದನ್ನೇ ಇಟ್ಟು ನೋಡಿದೆ. ಎವೆಯಿಕ್ಕದೆ ನೋಡುತ್ತಿದ್ದರೂ ಅವನು ಬದುಕಿದ್ದ. ಹೆದರಿಕೆ ಹುಟ್ಟಿಸುತ್ತಿದ್ದ, ಆದರೆ ಬದುಕಿದ್ದ.

ರೆಪ್ಪೆಗೆ ನೋಟದ ಸುದ್ದಿ ಮುಟ್ಟಲಿ

ಉಳಿದದ್ದು ಒಂದು ಸಣ್ಣ ತೊಡಕು. ಕಾವಲುಗಾರ ಬಾಯಿಯ ಕಡೆ ನೋಟ ಇಳಿಸಿದಾಗಲೆಲ್ಲ ಕಣ್ಣು ಬಿಟ್ಟುಕೊಂಡ ಹಾಗೆ ಕಾಣುತ್ತಿತ್ತು. ಗುಡ್ಡೆ ಕೆಳಗೆ ಹೋಗುತ್ತಿತ್ತು, ರೆಪ್ಪೆ ಇದ್ದಲ್ಲೇ ಇತ್ತು, ನಡುವೆ ಬಿಳಿ ಇಣುಕುತ್ತಿತ್ತು. ನಿಜದಲ್ಲಿ ಮೇಲಿನ ರೆಪ್ಪೆ ಗುಡ್ಡೆಯ ಜೊತೆಗೇ ಇಳಿಯುತ್ತದೆ, ಜೊತೆಗೇ ಏರುತ್ತದೆ. ಆದ್ದರಿಂದ ಕೆಳನೋಟದ ಕೋನದಿಂದ ರೆಪ್ಪೆಗೆ ಒಂದು ಪಾಲು ಕೊಡಬೇಕು, ಮಿಟುಕು ಅದರ ಮೇಲೆ ಬರಬೇಕು. ಎರಡನ್ನೂ ಸುಮ್ಮನೆ ಕೂಡಿಸಿದರೆ, ಕೆಳನೋಟಕ್ಕೆ 0.3 ಇರುವಾಗ ಪೂರ್ಣ ಮಿಟುಕು ಬಂದು 1.3 ಆಗುತ್ತದೆ, ರೆಪ್ಪೆ ಕೆನ್ನೆಗಿಳಿಯುತ್ತದೆ. ಉಳಿದ ತೆರಪನ್ನು ಮಾತ್ರ ಮಿಟುಕು ಮುಚ್ಚಲಿ:

```csharp
float lid = follow + (1f - follow) * blink;
```

ಈ ಬೆಲೆ 1ನ್ನು ದಾಟುವುದೇ ಇಲ್ಲ. ನಿಮ್ಮ ಮುಖಕ್ಕೆ ಎಆರ್‌ಕಿಟ್ ಹೆಸರಿನ ಶೇಪ್‌ಗಳಿದ್ದರೆ ಒಂದು ಎಚ್ಚರ. `eyeLookDownLeft` ತರಹದ ಶೇಪ್‌ಗಳಲ್ಲಿ ರೆಪ್ಪೆಯ ಇಳಿತ ಮೊದಲೇ ಸೇರಿರುತ್ತದೆ. ಅದನ್ನು ಬಳಸುತ್ತಿದ್ದರೆ `eyeBlinkLeft`ಗೆ `follow` ಸೇರಿಸಬೇಡಿ, ಇಳಿತ ಎರಡು ಸಲ ಎಣಿಕೆಯಾಗಿ ಪಾತ್ರ ತೂಕಡಿಸಿದ ಹಾಗಾಗುತ್ತದೆ. ಕೆಳಗೆ ನೋಡಿದಾಗ ರೆಪ್ಪೆ ಮೇಲಕ್ಕೆ ಹೋದರೆ ಚಿಹ್ನೆ ತಿರುಗಿದೆ. ಯೂನಿಟಿಯಲ್ಲಿ x ಅಕ್ಷದ ಧನ ತಿರುವೆಂದರೆ ಕೆಳನೋಟ, ಮೇಲ್ನೋಟವಲ್ಲ.

ಜಿಗಿತ ಕಾಣಿಸುತ್ತಲೇ ಇಲ್ಲ ಎಂಬ ದೂರು

ಎಲ್ಲ ಸರಿಯಾದ ಮೇಲೂ ಈ ದೂರು ಬರಬಹುದು, ಅದು ದೋಷವೇ ಅಲ್ಲದಿರಬಹುದು. ಕಣ್ಣುಗುಡ್ಡೆಯ ತ್ರಿಜ್ಯ ಸುಮಾರು 12 ಮಿಲಿಮೀಟರ್. ನಾಲ್ಕು ಡಿಗ್ರಿ ತಿರುಗಿದರೆ ಕಪ್ಪು ಸರಿಯುವುದು 0.8 ಮಿಲಿಮೀಟರಿನಷ್ಟು. ಮುಖ ಪರದೆಯ 1080 ಪಿಕ್ಸೆಲ್ ಎತ್ತರವನ್ನೂ ತುಂಬಿದ್ದರೆ ಅದು ನಾಲ್ಕು ಪಿಕ್ಸೆಲ್, ಚೆನ್ನಾಗಿ ಕಾಣುತ್ತದೆ. ಮುಖ 200 ಪಿಕ್ಸೆಲ್‌ಗೆ ಇಳಿದರೆ ಒಂದು ಪಿಕ್ಸೆಲ್ ಕೂಡ ಇಲ್ಲ. ಅರ್ಧ ಡಿಗ್ರಿಯ ಸೂಕ್ಷ್ಮ ಜಿಗಿತಗಳನ್ನೂ ಹಾಕುತ್ತೇನೆ ಎಂದು ಹೊರಟವರು ಇದೇ ಲೆಕ್ಕ ಮಾಡಿಕೊಳ್ಳಲಿ, ಮುಖ ಪರದೆ ತುಂಬಿದ್ದಾಗಲೂ ಅವಕ್ಕೆ ಸಿಗುವುದು ಅರ್ಧ ಪಿಕ್ಸೆಲ್.

ಹಾಗಾಗಿ ಮುಖ 200 ಪಿಕ್ಸೆಲ್‌ಗಿಂತ ಚಿಕ್ಕದಾದ ಕೂಡಲೇ ನಾನು ಸಣ್ಣ ಜಿಗಿತಗಳನ್ನು ನಿಲ್ಲಿಸುತ್ತೇನೆ. ಮಿಟುಕು, ದೊಡ್ಡ ಜಿಗಿತ, ತಲೆಯ ತಿರುವು ಉಳಿಯುತ್ತವೆ. ಮುಖ 60 ಪಿಕ್ಸೆಲ್‌ಗೆ ಬಂದಾಗ ಮಿಟುಕೂ ಬೇಡ, ತಲೆ ಮಾತ್ರ ಸಾಕು. ಹತ್ತಿರ ಬಂದಾಗ ಮತ್ತೆ ಚಾಲೂ ಮಾಡುವಲ್ಲಿ ಒಂದು ತಪ್ಪು ನನ್ನಿಂದಾಗಿತ್ತು. ಜಿಗಿತ ನಿಂತಿದ್ದಾಗಲೂ `hold` ಮಾತ್ರ ಇಳಿಯುತ್ತಲೇ ಹೋಗಿ ಎಲ್ಲರದ್ದೂ ಸೊನ್ನೆಗಿಂತ ಕೆಳಗೆ ಬಂದಿದ್ದರಿಂದ ಆಟಗಾರ ಗಡಿ ದಾಟಿದ ಕ್ಷಣವೇ ಬಾಗಿಲ ಬಳಿಯ ಎಲ್ಲ ಕಾವಲುಗಾರರೂ ಒಟ್ಟಿಗೆ ಕಣ್ಣು ಹೊರಳಿಸಿದರು. ಚಾಲೂ ಮಾಡುವಾಗ `hold` ಮತ್ತು ಮಿಟುಕಿನ ಅಂತರ ಎರಡಕ್ಕೂ ಹೊಸ ದಾಳ ಎಸೆದ ಮೇಲೆ ಅದು ನಿಂತಿತು.